ಎಡಕ್ಕೋ ಬಲಕ್ಕೋ: ಶಾಲೆಯ ಗೋಡೆಗೊಂದು ಹೊರದಾರಿ ನಕ್ಷೆ

ಬೆಂಕಿ ಬಿದ್ದರೆ, ಭೂಮಿ ನಡುಗಿದರೆ ಮಕ್ಕಳು ಯಾವ ದಾರಿಯಲ್ಲಿ ಹೊರಗೆ ಹೋಗಬೇಕು ಎಂದು ತೋರಿಸುವ ನಕ್ಷೆ ಈಗ ಹಲವು ಶಾಲೆಗಳ ಗೋಡೆಯ ಮೇಲಿದೆ. ಅದು ಬಂದ ಬಗೆ ಮಾತ್ರ ಬಹುತೇಕ ಕಡೆ ಒಂದೇ. ಎಂಜಿನಿಯರ್ ಕೊಟ್ಟ ಕಟ್ಟಡದ ಪ್ಲಾನನ್ನು ಚಿಕ್ಕದು ಮಾಡಿ, ಅದರ ಮೇಲೆ ಹಸಿರು ಬಾಣಗಳನ್ನು ಹಾಕಿಸಿ, ಡಿಟಿಪಿ ಅಂಗಡಿಯಲ್ಲಿ ಹತ್ತು ಪ್ರತಿ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ ಎಲ್ಲ ಕೊಠಡಿಗೂ ಅಂಟಿಸಿರುತ್ತಾರೆ. ತಪಾಸಣೆಗೆ ಬಂದವರು ನೋಡಿ ಸರಿ ಎನ್ನುತ್ತಾರೆ. ಆದರೆ ಆ ಹತ್ತು ಪ್ರತಿಗಳಲ್ಲಿ ಅರ್ಧದಷ್ಟಾದರೂ ಮಕ್ಕಳನ್ನು ತಪ್ಪು ದಿಕ್ಕಿಗೆ ಕಳಿಸುತ್ತಿರಬಹುದು. ಹೇಗೆ ಎಂಬುದನ್ನು ಒಂದು ಮಹಡಿಯ ಉದಾಹರಣೆ ಇಟ್ಟುಕೊಂಡೇ ನೋಡೋಣ.

ನಮ್ಮಲ್ಲಿ ಎಲ್ಲೆಡೆ ಕಾಣುವಂಥದೇ ಒಂದು ಎರಡಂತಸ್ತಿನ ಪ್ರೌಢಶಾಲೆ. ಮೇಲಿನ ಮಹಡಿಯಲ್ಲಿ ಸಾಲಾಗಿ ಆರು ಕೊಠಡಿ. ಪಶ್ಚಿಮದಿಂದ ಪೂರ್ವಕ್ಕೆ ಎಣಿಸಿದರೆ 8ಎ, 8ಬಿ, 8ಸಿ, 9ಎ, 9ಬಿ, ಕೊನೆಗೆ ಹತ್ತನೇ ತರಗತಿ. ಪ್ರತಿ ಕೊಠಡಿ 7 ಮೀಟರ್ ಉದ್ದ, 6 ಮೀಟರ್ ಅಗಲ, ಒಂದೊಂದರಲ್ಲೂ ನಲವತ್ತು ಮಕ್ಕಳು. ಕೊಠಡಿಗಳ ದಕ್ಷಿಣಕ್ಕೆ ಉದ್ದನೆಯ ವರಾಂಡ, ಅದರಾಚೆ ಆಟದ ಮೈದಾನ. ವರಾಂಡದ ಎರಡೂ ತುದಿಯಲ್ಲಿ ಮೆಟ್ಟಿಲುಗಳಿವೆ. ಪಶ್ಚಿಮದ್ದು 2 ಮೀಟರ್ ಅಗಲ, ಕಚೇರಿಯ ಮುಂದೆ ಇಳಿಯುತ್ತದೆ. ಪೂರ್ವದ್ದು ಹಳೆಯದು, 1.2 ಮೀಟರ್ ಮಾತ್ರ. ಅದು ಇಳಿಯುವುದು ಬಿಸಿಯೂಟದ ಅಡುಗೆಮನೆಯ ಪಕ್ಕಕ್ಕೆ.

ಎಂಜಿನಿಯರ್ ಪ್ಲಾನಿನಲ್ಲಿ ಉತ್ತರ ದಿಕ್ಕು ಮೇಲಿರುತ್ತದೆ. ಹಾಗಾಗಿ ಪಶ್ಚಿಮದ ಮೆಟ್ಟಿಲು ಕಾಗದದ ಎಡಗಡೆಗೆ ಬರುತ್ತದೆ, ಬಾಣವೂ ಎಡಕ್ಕೇ ಇರುತ್ತದೆ. ಈ ಹಾಳೆಯನ್ನು ವರಾಂಡದಲ್ಲಿ, ಕೊಠಡಿಯ ಹೊರಗೋಡೆಗೆ ಅಂಟಿಸಿದರೆ ತೊಂದರೆಯಿಲ್ಲ. ಅದನ್ನು ನೋಡುವವರು ಉತ್ತರಕ್ಕೆ ಮುಖ ಮಾಡಿರುತ್ತಾರೆ, ಅವರ ಎಡಗೈ ಕಡೆಗೇ ಪಶ್ಚಿಮದ ಮೆಟ್ಟಿಲಿದೆ. ಅದೇ ಹಾಳೆಯನ್ನು 8ಬಿ ಕೊಠಡಿಯ ಒಳಗೆ, ಬಾಗಿಲ ಪಕ್ಕ ಅಂಟಿಸಿ ನೋಡಿ. ಈಗ ಹುಡುಗಿ ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದಾಳೆ. ಪಶ್ಚಿಮ ಅವಳ ಬಲಕ್ಕಿದೆ. ಕಾಗದ ಮಾತ್ರ ಎಡಕ್ಕೆ ಹೋಗು ಎನ್ನುತ್ತಿದೆ. ಅದನ್ನು ನಂಬಿ ಬಾಗಿಲು ದಾಟಿ ಎಡಕ್ಕೆ ತಿರುಗಿದರೆ ಅವಳು ಹೋಗುವುದು ಅಡುಗೆಮನೆಯ ಮೇಲಿನ ಮೆಟ್ಟಿಲಿಗೆ.

ಬಿಡುವಿದ್ದಾಗ ನಾವು ನಕ್ಷೆಯನ್ನು ಮನಸ್ಸಿನಲ್ಲೇ ತಿರುಗಿಸಿ ಅರ್ಥ ಮಾಡಿಕೊಳ್ಳುತ್ತೇವೆ. ಅವಸರದಲ್ಲಿ ಅದು ಆಗದ ಕೆಲಸ. ಕಾಗದದಲ್ಲಿ ಮೇಲಿರುವುದನ್ನು ಕಣ್ಣು ‘ನನ್ನ ಮುಂದಿರುವುದು’ ಎಂದೇ ಓದಿಕೊಳ್ಳುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ವಿನ್ ಲೆವಿನ್ 1982ರಲ್ಲಿ ‘ನೀವು ಇಲ್ಲಿದ್ದೀರಿ’ ಬಗೆಯ ನಕ್ಷೆಗಳ ಕುರಿತು ಬರೆದ ಲೇಖನದ ಮುಖ್ಯ ಮಾತೇ ಇದು. ತುರ್ತು ನಕ್ಷೆಗಳಿಗೆಂದೇ ಇರುವ ಐಎಸ್‌ಒ 23601 ಎಂಬ ಅಂತರರಾಷ್ಟ್ರೀಯ ಮಾನದಂಡವೂ ನಕ್ಷೆ ನೋಡುವವರ ದಿಕ್ಕಿಗೆ ಹೊಂದಿರಬೇಕು ಎನ್ನುತ್ತದೆ. ಆದ್ದರಿಂದ ನಮ್ಮ ಮಹಡಿಗೆ ಒಂದೇ ನಕ್ಷೆ ಸಾಲದು. ವರಾಂಡದ ಗೋಡೆಗೆ ಉತ್ತರ ಮೇಲಿರುವ ಹಾಳೆ ಬೇಕು, ಕೊಠಡಿಗಳ ಒಳಗೆ ದಕ್ಷಿಣ ಮೇಲಿರುವುದು, ಪಶ್ಚಿಮದ ಮೆಟ್ಟಿಲಿನ ಎದುರು ಗೋಡೆಗೆ ಪಶ್ಚಿಮ ಮೇಲಿರುವುದು. ಚಿತ್ರವನ್ನು ತಿರುಗಿಸಿದಾಗ ಅಕ್ಷರಗಳೂ ತಲೆಕೆಳಗಾಗುತ್ತವೆ, ಅವನ್ನು ಮತ್ತೆ ನೆಟ್ಟಗೆ ಕೂರಿಸಬೇಕು. ಜತೆಗೆ ಪ್ರತಿ ಹಾಳೆಯಲ್ಲೂ ಅದು ಇರುವ ಜಾಗದಲ್ಲೇ ದಪ್ಪನೆಯ ನೀಲಿ ಚುಕ್ಕೆ, ಪಕ್ಕದಲ್ಲಿ ‘ನೀವು ಇಲ್ಲಿದ್ದೀರಿ’ ಎಂಬ ಬರಹ ಇರಬೇಕು. ಇದು ಡಿಟಿಪಿ ಮಾಡುವವರಿಗೆ ಅರ್ಧ ದಿನದ ಹೆಚ್ಚಿನ ಕೆಲಸ. ಇಡೀ ನಕ್ಷೆಯ ಉಪಯೋಗ ನಿಂತಿರುವುದು ಆ ಅರ್ಧ ದಿನದ ಮೇಲೆಯೇ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಇನ್ನು ಬಾಣಗಳ ವಿಷಯ. ಬಾಣ ಹಾಕುವ ಮೊದಲು ಯಾವ ಕೊಠಡಿಯವರು ಯಾವ ಮೆಟ್ಟಿಲಿಗೆ ಹೋಗಬೇಕೆಂದು ತೀರ್ಮಾನಿಸಬೇಕು. ಆರು ಕೊಠಡಿ, ಎರಡು ಮೆಟ್ಟಿಲು, ಮೂರು ಮೂರು ಹಂಚಿದರಾಯಿತು ಎಂದು ಮೊದಲಿಗೆ ತೋರುತ್ತದೆ. ಆದರೆ ಶಾಲೆಯ ಮೆಟ್ಟಿಲು ಕನಿಷ್ಠ 1.5 ಮೀಟರ್ ಅಗಲವಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನಮ್ಮ ಪೂರ್ವದ ಮೆಟ್ಟಿಲು ಅಷ್ಟಿಲ್ಲ. ಅಲ್ಲಿಗೆ 120 ಮಕ್ಕಳನ್ನು ಕಳಿಸಿದರೆ ಮೇಲಿನ ತಿರುವಿನಲ್ಲೇ ನೂಕುನುಗ್ಗಲಾಗುತ್ತದೆ. ಹಾಗಾಗಿ 9ಎ ತರಗತಿಯನ್ನೂ ಪಶ್ಚಿಮಕ್ಕೆ ತಿರುಗಿಸುವುದು ಮೇಲು. ಆಗ ಅಗಲದ ಮೆಟ್ಟಿಲಿಗೆ 160 ಮಕ್ಕಳು, ಕಿರಿದಾದುದಕ್ಕೆ 80.

ದೂರವನ್ನೂ ಅಳೆದು ನೋಡಬೇಕು. ಅದೇ ಸಂಹಿತೆಯ ಪ್ರಕಾರ ಶಾಲೆಯ ಯಾವ ಮೂಲೆಯಿಂದಲೂ ಹೊರದಾರಿಗೆ ನಡೆಯುವ ದೂರ 30 ಮೀಟರ್ ಮೀರಬಾರದು. ನಮ್ಮ ಕೊಠಡಿಗಳ ಬಾಗಿಲು ಪಶ್ಚಿಮದ ಮಗ್ಗುಲಿಗಿದೆ. 9ಎ ಬಾಗಿಲಿನಿಂದ ಪಶ್ಚಿಮದ ಮೆಟ್ಟಿಲಿಗೆ ಮೂರು ಕೊಠಡಿಯ ಉದ್ದ, ಅಂದರೆ 21 ಮೀಟರ್. ಕೊನೆಯ ಬೆಂಚಿನ ಮೂಲೆಯಿಂದ ಬಾಗಿಲಿಗೆ ಇನ್ನೊಂದು 9 ಮೀಟರ್. ಕೂಡಿದರೆ ಸರಿಯಾಗಿ 30. ಮಿತಿಯ ಅಂಚಿನಲ್ಲಿದ್ದರೂ ಒಳಗೇ ಇದೆ. ಹತ್ತನೇ ತರಗತಿಯವರನ್ನೂ ಈ ಕಡೆಗೇ ಕಳಿಸೋಣವೆಂದರೆ 44 ಮೀಟರ್ ಆಗುತ್ತದೆ. ಅಂದಮೇಲೆ ಅವರಿಗೆ ಪೂರ್ವದ ಮೆಟ್ಟಿಲು ಬೇಕೇ ಬೇಕು. ಅದರ ಬುಡದಲ್ಲಿ ಅಡುಗೆಮನೆ ಇದೆ, ಗ್ಯಾಸ್ ಸಿಲಿಂಡರ್‌ಗಳಿವೆ.

ಇಂಥ ಕಡೆ ಬಾಣ ಎಳೆಯುವ ಕೈ ತಡೆಯಬೇಕು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ 94 ಮಕ್ಕಳು ತೀರಿಕೊಂಡರು. ಅಲ್ಲಿಯೂ ಬೆಂಕಿ ಹೊತ್ತಿಕೊಂಡದ್ದು ಮಧ್ಯಾಹ್ನದ ಊಟದ ಅಡುಗೆಮನೆಯಲ್ಲೇ. ಅಲ್ಲಿಂದ ಅದು ಮಹಡಿಯ ಮೇಲಿನ ಗರಿಯ ಚಾವಣಿಗೆ ಹಬ್ಬಿತು. ಅಡುಗೆಮನೆಯ ಪಕ್ಕಕ್ಕೆ ಇಳಿಯುವ ದಾರಿಯನ್ನು ಹಸಿರು ಬಣ್ಣ ಬಳಿದು ಸುರಕ್ಷಿತ ಮಾಡಲಾಗದು. ಸರಿಯಾದ ಪರಿಹಾರವೆಂದರೆ ಅಡುಗೆಮನೆಯನ್ನು, ಅದಾಗದಿದ್ದರೆ ಸಿಲಿಂಡರ್‌ಗಳನ್ನಾದರೂ, ಮೆಟ್ಟಿಲಿನಿಂದ ದೂರ ಸಾಗಿಸುವುದು. ಅಲ್ಲಿಯವರೆಗೆ 9ಬಿ ಮತ್ತು ಹತ್ತನೇ ತರಗತಿಯ ಹಾಳೆಗಳಲ್ಲಿ ಪೂರ್ವಕ್ಕೆ ದಪ್ಪ ಬಾಣ, ಪಶ್ಚಿಮಕ್ಕೆ ತುಂಡು ಗೆರೆಯ ಬಾಣ, ಹೀಗೆ ಎರಡು ದಾರಿ ತೋರಿಸಬೇಕು. ಅಡುಗೆಮನೆ ಕಡೆ ಹೊಗೆ ಕಂಡರೆ ತುಂಡು ಗೆರೆಯ ದಾರಿ ಹಿಡಿಯಬೇಕೆಂದು ಆ ಎರಡು ತರಗತಿಗಳಿಗೆ ಅಭ್ಯಾಸ ಮಾಡಿಸಬೇಕು. ಆ ಮೆಟ್ಟಿಲಿನ ಬುಡದಲ್ಲಿ ಎಳೆಯುವ ಕಬ್ಬಿಣದ ಗೇಟಿದ್ದು, ಶಾಲೆ ನಡೆಯುವಾಗಲೂ ಅದಕ್ಕೆ ಬೀಗ ಹಾಕುವ ರೂಢಿಯಿದ್ದರೆ ಅಲ್ಲಿಗೆ ಬಾಣವನ್ನೇ ಹಾಕಬಾರದು. ಮೊದಲು ಬೀಗ ತೆಗೆಯಲಿ, ಬಾಣ ಆಮೇಲೆ ಬರಲಿ.

ಬಾಣ ಎಷ್ಟಿರಬೇಕು? ತಿರುಗುವ ಜಾಗಕ್ಕೊಂದು, ಅಷ್ಟೆ. ಕೊಠಡಿಯ ಬಾಗಿಲಲ್ಲಿ ಒಂದು, ವರಾಂಡದ ನಡುವೆ ಒಂದೆರಡು, ಮೆಟ್ಟಿಲಿನ ಬಾಯಲ್ಲಿ ಒಂದು. ದಾರಿಗೆಲ್ಲ ತಿಳಿಹಸಿರು ಪಟ್ಟಿ ಬಳಿದು, ಅದರ ಮೇಲೆ ಕಡುಹಸಿರು ಬಾಣಗಳನ್ನು ಕೂರಿಸಿದರೆ ಕಣ್ಣು ತಾನಾಗಿ ಆ ಪಟ್ಟಿಯ ಮೇಲೆ ಹರಿಯುತ್ತದೆ. 9ಎ ಮತ್ತು 9ಬಿ ನಡುವೆ, ಅಂದರೆ ಎಡಬಲಕ್ಕೆ ದಾರಿ ಒಡೆಯುವಲ್ಲಿ, ಪಟ್ಟಿಯನ್ನು ಸ್ವಲ್ಪ ತುಂಡರಿಸಬೇಕು. ಇಲ್ಲದಿದ್ದರೆ ಎದುರುಬದುರಾದ ಎರಡು ಬಾಣಗಳು ಮಕ್ಕಳನ್ನು ಗೊಂದಲಕ್ಕೆ ಕೆಡವುತ್ತವೆ. ಬೆಂಕಿ ಆರಿಸುವ ಸಿಲಿಂಡರ್‌ಗಳ ಗುರುತು ಮಾತ್ರ ಕೆಂಪಿನಲ್ಲಿರಲಿ, ಚೌಕದ ಒಳಗಿರಲಿ. ಕೆಂಪು ಹಸಿರಿನ ವ್ಯತ್ಯಾಸ ಕಾಣದ ಮಕ್ಕಳು ಪ್ರತಿ ಶಾಲೆಯಲ್ಲೂ ಇರಬಹುದು, ಅವರಿಗೆ ಆಕಾರದಿಂದಲೇ ತಿಳಿಯಬೇಕು.

ಉಳಿದದ್ದನ್ನೆಲ್ಲ ಅಳಿಸಬೇಕು. ಅಳತೆಯ ಗೆರೆಗಳು, ಬೆಂಚು, ಕಿಟಕಿ, ಬಾಗಿಲು ತೆರೆಯುವ ಅರ್ಧವೃತ್ತ ಯಾವುದೂ ಬೇಡ. ಇವುಗಳಲ್ಲಿ ಒಂದಂತೂ ನಿಜಕ್ಕೂ ಅಪಾಯಕಾರಿ. ಎಂಜಿನಿಯರ್‌ಗಳು ಮೆಟ್ಟಿಲು ಬರೆಯುವಾಗ ಅದರ ಮಧ್ಯೆ ಹತ್ತುವ ದಿಕ್ಕಿಗೆ ಸಣ್ಣ ಬಾಣ ಹಾಕಿ ‘ಅಪ್’ ಎಂದು ಬರೆಯುವುದುಂಟು. ಮೂಲ ಪ್ಲಾನಿನ ಮೇಲೆ ಹಸಿರು ಬಾಣ ಹಾಕಿದ ನಕ್ಷೆಗಳಲ್ಲಿ ಅದು ಹಾಗೆಯೇ ಉಳಿದುಬಿಡುತ್ತದೆ. ಇಳಿಯಬೇಕಾದ ಮೆಟ್ಟಿಲಿನ ಮೇಲೆ ಹತ್ತುವ ಬಾಣ! ನಿಮ್ಮ ಮಕ್ಕಳ ಶಾಲೆಯ ನಕ್ಷೆಯಲ್ಲಿ ಇದೊಂದನ್ನು ಖಂಡಿತ ಹುಡುಕಿ ನೋಡಿ.

ಮೆಟ್ಟಿಲಿನ ಬಾಯಿಯೇ ಕೊನೆಯಲ್ಲ. ಮಹಡಿಯ ನಕ್ಷೆಯಲ್ಲಿ ಮೈದಾನ ಕಾಣದು, ಆದರೂ ಎಲ್ಲರೂ ಕೊನೆಗೆ ಎಲ್ಲಿ ಸೇರಬೇಕೆಂದು ಗೊತ್ತಾಗಬೇಕು. ಅದಕ್ಕಾಗಿ ಹಾಳೆಯ ಒಂದು ಮೂಲೆಯಲ್ಲಿ ಇಡೀ ಶಾಲಾ ಆವರಣದ ಪುಟ್ಟ ನಕ್ಷೆ ಬೇಕು. ಅದೂ ದೊಡ್ಡ ಚಿತ್ರದ ದಿಕ್ಕಿನಲ್ಲೇ ಇರಬೇಕು. ಕೊಠಡಿಯ ಒಳಗಿನ ಹಾಳೆಯಲ್ಲಿ ದಕ್ಷಿಣ ಮೇಲಿರುವುದರಿಂದ ಮೈದಾನವೂ ಮೇಲೆಯೇ ಬರುತ್ತದೆ, ಮಗುವಿನ ಕಣ್ಣ ಮುಂದೆ ಇರುವಂತೆಯೇ. ಸೇರುವ ಜಾಗಕ್ಕೆ ಅಂತರರಾಷ್ಟ್ರೀಯ ಗುರುತೊಂದಿದೆ: ಹಸಿರು ಚೌಕ, ನಡುವೆ ಜನರ ಗುಂಪು, ನಾಲ್ಕು ಮೂಲೆಯಿಂದ ಅವರತ್ತ ನಾಲ್ಕು ಬಾಣ.

ಆ ಜಾಗ ಯಾವುದು? ಪ್ರಾರ್ಥನೆಗೆ ನಿಲ್ಲುವ ಧ್ವಜಸ್ತಂಭದ ಬಳಿ ಎಂದು ಎಲ್ಲರಿಗೂ ಹೊಳೆಯುತ್ತದೆ, ಸಾಲು ಮಕ್ಕಳಿಗೆ ರೂಢಿಯಾಗಿರುತ್ತದೆ. ಆದರೆ ನಮ್ಮ ಶಾಲೆಯಲ್ಲಿ ಕಂಬ ಕಟ್ಟಡದಿಂದ 6 ಮೀಟರ್ ದೂರದಲ್ಲಿದೆ, ಕಟ್ಟಡದ ಎತ್ತರ 8 ಮೀಟರ್. ಭೂಕಂಪದಲ್ಲಿ ಸಜ್ಜೆಯೋ ಗೋಡೆಯೋ ಉದುರಿದರೆ ಅಷ್ಟು ದೂರ ಸಾಲದು. ಗೇಟಿನ ಬಳಿಯೂ ಬೇಡ, ಅಗ್ನಿಶಾಮಕ ವಾಹನ ಬರುವುದೂ ಪಾಲಕರು ಓಡಿಬರುವುದೂ ಅಲ್ಲಿಂದಲೇ. ಮೈದಾನದ ಆ ತುದಿಯ ವಾಲಿಬಾಲ್ ಅಂಕಣ ಸೂಕ್ತ. ಪ್ರಾರ್ಥನೆಯ ಸಾಲನ್ನೇ ಅಲ್ಲಿ ನಿಲ್ಲಿಸಿ, ಪ್ರತಿ ಶಿಕ್ಷಕರೂ ತಮ್ಮ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗಬಹುದು.

ನಕ್ಷೆ ಸಿದ್ಧವಾದ ಮೇಲೆ ಅಂಟಿಸುವ ಮುನ್ನ ಪರೀಕ್ಷೆ ಮಾಡಿ. ಎ3 ಅಳತೆಯ ಹಾಳೆಯನ್ನು ಅದು ಇರಬೇಕಾದ ಗೋಡೆಗೆ ತಾತ್ಕಾಲಿಕವಾಗಿ ಹಚ್ಚಿ, ಮಕ್ಕಳ ಕಣ್ಣಿನ ಮಟ್ಟದಲ್ಲಿ. ಕೆಳಗಿನ ಮಹಡಿಯ ಆರನೆಯದೋ ಏಳನೆಯದೋ ತರಗತಿಯ ಮಗುವನ್ನು ಕರೆತಂದು ಎರಡು ಹೆಜ್ಜೆ ದೂರ ನಿಲ್ಲಿಸಿ, ಐದು ಎಣಿಸುವಷ್ಟು ಹೊತ್ತು ತೋರಿಸಿ, ಮುಚ್ಚಿಬಿಡಿ. ‘ಯಾವ ಕಡೆ ಹೋಗ್ತೀಯಪ್ಪಾ?’ ಎಂದು ಕೇಳಿ ಕೈ ಚಾಚಿ ತೋರಿಸಲು ಹೇಳಿ. ಬಾಯಲ್ಲಿ ಎಡ ಬಲ ಎನ್ನಿಸಬೇಡಿ, ಎಷ್ಟೋ ಮಕ್ಕಳು ಆ ಪದಗಳಲ್ಲೇ ತಡವರಿಸುತ್ತಾರೆ. ಕೈ ತಡವಿಲ್ಲದೆ ಸರಿಯಾದ ಮೆಟ್ಟಿಲಿನತ್ತ ಚಾಚಿದರೆ ಹಾಳೆ ಗೆದ್ದಿತು. ಮಗು ತಲೆ ವಾಲಿಸಿ ನೋಡಿದರೆ ದಿಕ್ಕು ತಪ್ಪಿದೆ. ಹತ್ತಿರ ಬಂದು ಬೆರಳಿಟ್ಟು ಓದಿದರೆ ಗುರುತುಗಳು ಚಿಕ್ಕವಾಗಿವೆ ಅಥವಾ ಹೆಚ್ಚಾಗಿವೆ. ಮಿರುಗುವ ಲ್ಯಾಮಿನೇಷನ್ ಮೇಲೆ ಕಿಟಕಿಯ ಬೆಳಕು ಬಿದ್ದು ಅರ್ಧ ಹಾಳೆ ಕಾಣದೆ ಹೋಗುವುದೂ ಈ ಪರೀಕ್ಷೆಯಲ್ಲೇ ಗೊತ್ತಾಗುತ್ತದೆ, ಮಬ್ಬು ಹಾಳೆ ಹಾಕಿಸಿದರೆ ಸರಿಹೋಗುತ್ತದೆ.

ಕೆಳಗಿನ ಅಂಚಿನಲ್ಲಿ ತುರ್ತು ಕರೆಯ 112 ಸಂಖ್ಯೆಯ ಜತೆಗೆ ನಕ್ಷೆ ಮಾಡಿದ ತಿಂಗಳು, ವರ್ಷ ಬರೆದಿರಲಿ. ಜೂನ್‌ನಲ್ಲಿ ತರಗತಿಗಳನ್ನು ಅದಲುಬದಲು ಮಾಡುವ ಶಾಲೆಗಳು ಬಹಳ. 9ಎ ಇದ್ದಲ್ಲಿ ಪ್ರಯೋಗಾಲಯ ಬಂದರೆ, ವರಾಂಡದ ತುದಿಯಲ್ಲಿ ಮುರಿದ ಬೆಂಚುಗಳ ರಾಶಿ ಬಿದ್ದರೆ, ಆ ತಾರೀಕಿನ ಹಾಳೆಯನ್ನು ಕಿತ್ತು ಹೊಸದು ಹಾಕಬೇಕು. ಬೆಂಚುಗಳ ವಿಷಯದಲ್ಲಾದರೆ ಹಾಳೆಯನ್ನಲ್ಲ, ಬೆಂಚುಗಳನ್ನೇ ತೆಗೆಸಬೇಕು.