ಫೋಟೊಗೆ ತಪ್ಪಿಸಿಕೊಂಡವರನ್ನು ಸೇರಿಸುವಾಗ ಬೆಳಕಿನ ಲೆಕ್ಕ

ಮನೆಮಂದಿಯೆಲ್ಲ ನಿಂತು ತೆಗೆಸಿಕೊಂಡ ಫೋಟೊದಲ್ಲಿ ಒಬ್ಬರು ಇಲ್ಲದಿದ್ದರೆ, ಬೇರೆ ಚಿತ್ರದಿಂದ ಅವರನ್ನು ತಂದು ಕೂಡಿಸುವುದು ಸ್ಟುಡಿಯೊಗಳಿಗೆ ಹಳೆಯ ಕೆಲಸ. ಆಳನ್ನು ಅಂಚು ಬಿಡದಂತೆ ಕತ್ತರಿಸುವುದು ಈಗ ಮೊಬೈಲ್‌ನಲ್ಲೇ ಆಗುತ್ತದೆ. ಆದರೂ ಕೂಡಿಸಿದವರು ಅಂಟಿಸಿದ ಹಾಗೆ ಕಾಣುತ್ತಾರೆ. ಅಂಚು ಎಷ್ಟೇ ನಯವಾಗಿರಲಿ, ಅವರ ಮೈಮೇಲಿನ ಬೆಳಕು ಬೇರೆಲ್ಲಿಂದಲೋ ಬಂದಿರುತ್ತದೆ.

ಬೆಳಕಿನ ವಿಷಯದಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಮೂರು: ಅದು ಬರುವ ದಿಕ್ಕು, ಅದರ ಗಡಸುತನ, ಅದರ ಬಣ್ಣ. ನೇರ ಬಿಸಿಲಿನಲ್ಲಿ ಮೂಗಿನ ನೆರಳು ಕೆನ್ನೆಯ ಮೇಲೆ ಗೆರೆ ಕೊರೆದಂತೆ ಬೀಳುತ್ತದೆ. ಮೋಡ ಮುಚ್ಚಿದಾಗ ಅಥವಾ ಜಗಲಿಯ ನೆರಳಿನಲ್ಲಿ ಅದೇ ನೆರಳು ಅಂಚಿಲ್ಲದೆ ಕರಗಿಹೋಗುತ್ತದೆ. ಈ ಮೂರರಲ್ಲಿ ಬಣ್ಣವನ್ನು, ಅದರ ಜೊತೆಗೆ ಒಟ್ಟಾರೆ ಪ್ರಖರತೆಯನ್ನು, ಕಂಪ್ಯೂಟರಿನಲ್ಲಿ ಸರಿಪಡಿಸಬಹುದು. ದಿಕ್ಕು ಮತ್ತು ಗಡಸುತನ ಹಾಗಲ್ಲ. ಬಲಗೆನ್ನೆಯ ನೆರಳನ್ನು ಅಳಿಸಿ ಎಡಗೆನ್ನೆಗೆ ಬರೆದರೆ ಮುಖದ ಉಬ್ಬುತಗ್ಗುಗಳನ್ನೇ ಹೊಸದಾಗಿ ಬರೆದಂತಾಗುತ್ತದೆ, ಆ ಮುಖ ಆ ವ್ಯಕ್ತಿಯದಾಗಿ ಉಳಿಯುವುದಿಲ್ಲ. ಆದ್ದರಿಂದ ಪ್ರಾಮಾಣಿಕ ಜೋಡಣೆಯ ಮೊದಲ ನಿಯಮ ಸರಳ: ದಿಕ್ಕು ಹೊಂದದ ಚಿತ್ರವನ್ನು ತಿದ್ದಲು ಹೋಗದೆ ಬಿಟ್ಟುಬಿಡಬೇಕು.

ದಿಕ್ಕು ಹೊಂದಿಸಲು ಹಲವರು ಚಿತ್ರವನ್ನೇ ಕನ್ನಡಿಯಂತೆ ತಿರುಗಿಸುತ್ತಾರೆ. ಆಗ ಎಡಹೆಗಲ ಸೆರಗು ಬಲಕ್ಕೆ ಹೋಗುತ್ತದೆ, ಮೂಗುತಿ ಪಕ್ಕ ಬದಲಿಸುತ್ತದೆ, ಅಂಗಿಯ ಗುಂಡಿಗಳು ತಿರುವುಮುರುವಾಗುತ್ತವೆ. ಹೊರಗಿನವರು ಗಮನಿಸದಿದ್ದರೂ ಮನೆಯವರ ಕಣ್ಣಿಗೆ ಇದು ತಕ್ಷಣ ಬೀಳುತ್ತದೆ. ಸೆಲ್ಫಿಯೂ ಕೆಲಸಕ್ಕೆ ಬಾರದು. ತೋಳಿನಳತೆಯಿಂದ ತೆಗೆದ ಮುಖದಲ್ಲಿ ಮೂಗು ದೊಡ್ಡದಾಗಿ, ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ. ಹತ್ತು ಹನ್ನೆರಡು ಅಡಿ ದೂರದಿಂದ ತೆಗೆದ ಗುಂಪಿನ ಮುಖಗಳ ನಡುವೆ ಅದು ಹೊಂದುವುದೇ ಇಲ್ಲ.

ಹೊಂದುವ ಚಿತ್ರ ಆಲ್ಬಮ್‌ನಲ್ಲಿ ಸಿಗದಿದ್ದರೆ, ಆ ನೆಂಟರು ಊರಿಗೆ ಬಂದಾಗ ಅದೇ ಜಾಗದಲ್ಲಿ ನಿಲ್ಲಿಸಿ ತೆಗೆಯುವುದೇ ಅತ್ಯುತ್ತಮ ದಾರಿ. ಒಂದು ಉದಾಹರಣೆ ಇಟ್ಟುಕೊಳ್ಳಬಹುದು. ಬೆಂಗಳೂರಿನಲ್ಲಿ ಉತ್ತರಕ್ಕೆ ಮುಖ ಮಾಡಿದ ಮನೆ. ಮೇ 1ರ ಬೆಳಿಗ್ಗೆ 9 ಗಂಟೆಗೆ ಅಂಗಳದಲ್ಲಿ, ಮನೆಗೆ ಬೆನ್ನು ಮಾಡಿ ನಿಂತವರ ಫೋಟೊ ತೆಗೆದಿದ್ದಾರೆ. ದುಬೈಯಲ್ಲಿರುವ ಅಳಿಯನಿಗೆ ಆಗ ರಜೆ ಸಿಕ್ಕಿರಲಿಲ್ಲ. ಚಿತ್ರದಲ್ಲಿ ಬಿಸಿಲು ಎಡದಿಂದ, ಬಹುಮಟ್ಟಿಗೆ ನೇರ ಪೂರ್ವದಿಂದ ಬಂದಿದೆ. ನೆಲದ ಮೇಲಿನ ನೆರಳು ಆಳಿನೆತ್ತರಕ್ಕಿಂತ ತುಸು ಉದ್ದ.

ಅಳಿಯ ಡಿಸೆಂಬರ್‌ನಲ್ಲಿ ಬಂದು ಅದೇ 9 ಗಂಟೆಗೆ ಅಲ್ಲೇ ನಿಂತರೆ ಪ್ರಯೋಜನವಿಲ್ಲ. ಆಗ ಸೂರ್ಯ ಆಗ್ನೇಯದಲ್ಲಿ, ನಿಂತವರ ಬೆನ್ನ ಕಡೆಗಿರುತ್ತಾನೆ. ಮುಖವೆಲ್ಲ ನೆರಳಾಗುತ್ತದೆ. ಆದರೆ ಜೂನ್ 21ರ ಆಚೀಚೆ ಸಮಾನ ದೂರದ ದಿನಗಳಲ್ಲಿ ಸೂರ್ಯ ಆಕಾಶದಲ್ಲಿ ಹೆಚ್ಚುಕಡಿಮೆ ಒಂದೇ ಹಾದಿ ಹಿಡಿಯುತ್ತಾನೆ. ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ 18ರ ಹೊತ್ತಿಗೆ ಇನ್ನೊಮ್ಮೆ ಬರುವುದು ಇದೇ ಕಾರಣಕ್ಕೆ. ಮೇ 1 ಜೂನ್ 21ಕ್ಕಿಂತ 51 ದಿನ ಮೊದಲು. 51 ದಿನ ಮುಂದಕ್ಕೆ ಎಣಿಸಿದರೆ ಆಗಸ್ಟ್ 11. ಆ ದಿನ ಸುಮಾರು 9 ಗಂಟೆ 8 ನಿಮಿಷಕ್ಕೆ ಮೇ 1ರ ಬಿಸಿಲೇ ಮತ್ತೆ ಸಿಗುತ್ತದೆ. ಈ ಎಂಟು ನಿಮಿಷದ ವ್ಯತ್ಯಾಸ ಗಡಿಯಾರಕ್ಕೂ ಸೂರ್ಯನಿಗೂ ವರ್ಷವಿಡೀ ಇರುವ ಸಣ್ಣ ಹೊಂದಾಣಿಕೆಯ ಕೊರತೆಯಿಂದ ಬಂದದ್ದು. ಆಗಸ್ಟ್‌ನಲ್ಲಿ ಮೋಡದ ಕಾಟ ಇದ್ದೇ ಇದೆ, ಬಿಸಿಲು ಬರುವವರೆಗೆ ಕಾಯಬೇಕು. ನಾಲ್ಕೈದು ದಿನ ಹಿಂದೆಮುಂದೆ ಆದರೂ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಕ್ಯಾಮೆರಾ ಇಡುವ ಜಾಗಕ್ಕೂ ಮೊದಲ ಫೋಟೊವೇ ಅಳತೆಗೋಲು. ಅದರಲ್ಲಿ ಜಗಲಿಯ ಕಂಬದ ಪಕ್ಕದಲ್ಲಿ ಹಿಂದಿನ ಕಿಟಕಿಯ ಎಷ್ಟು ಸರಳು ಕಾಣುತ್ತವೆ ಎಂದು ಎಣಿಸಿಕೊಂಡು, ಅಷ್ಟೇ ಸರಳು ಕಾಣುವವರೆಗೆ ಕ್ಯಾಮೆರಾವನ್ನು ಸರಿಸಬೇಕು. ಎತ್ತರವೂ ಅಷ್ಟೇ ಮುಖ್ಯ. ಎದೆಮಟ್ಟದಿಂದ ತೆಗೆದ ಗುಂಪಿಗೆ ತಲೆಮಟ್ಟದಿಂದ ತೆಗೆದ ಆಳನ್ನು ಸೇರಿಸಿದರೆ, ಅವನು ಇಳಿಜಾರಿನಲ್ಲಿ ನಿಂತಂತೆ ಕಾಣುತ್ತಾನೆ. ಮೊದಲು ಬಳಸಿದ ಫೋನ್ ಅಥವಾ ಲೆನ್ಸನ್ನೇ ಬಳಸಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಇನ್ನು ಅಳಿಯ ನಿಲ್ಲಬೇಕಾದದ್ದು ಎಲ್ಲಿ? ಬಿಸಿಲು ಎಡದಿಂದ ಬರುವುದರಿಂದ ಎಲ್ಲರ ನೆರಳೂ ಬಲಕ್ಕೆ ಬೀಳುತ್ತದೆ. ಎಡತುದಿಯಲ್ಲಿ ಸೇರಿಸಿದರೆ ಅವನ ನೆರಳು ಪಕ್ಕದವರ ಮೈಮೇಲೆ ಬೀಳಬೇಕು, ಮೊದಲ ಫೋಟೊದಲ್ಲಿ ಆ ನೆರಳು ಇಲ್ಲ. ಬಲತುದಿಯಾದರೆ ಅವನ ನೆರಳು ಬರಿನೆಲಕ್ಕೆ ಬೀಳುತ್ತದೆ. ಆದರೆ ಅಲ್ಲೂ ಒಂದು ಸಾಲ ಉಳಿಯುತ್ತದೆ: ಪಕ್ಕದಲ್ಲಿರುವ ಭಾವಮೈದುನನ ನೆರಳು ಅಳಿಯನ ಮೇಲೆ ಬರಬೇಕು. ಇಬ್ಬರ ನಡುವೆ ಮೂರಡಿ ಅಂತರವಿದ್ದರೆ ಅದು ಸೊಂಟದ ಹತ್ತಿರದವರೆಗೆ ಏರುತ್ತದೆ. ಇದನ್ನು ಕುಂಚದಿಂದ ಬರೆಯುವುದಕ್ಕಿಂತ ಆಗಸ್ಟ್‌ನಲ್ಲೂ ಭಾವಮೈದುನನನ್ನೇ ಹಳೆಯ ಜಾಗದಲ್ಲಿ, ಸಾಧ್ಯವಾದರೆ ಅದೇ ಬಟ್ಟೆಯಲ್ಲಿ ನಿಲ್ಲಿಸಿ ತೆಗೆಯುವುದು ಲೇಸು. ಅವನ ಚಿತ್ರ ಬೇಕಿಲ್ಲ, ನೆರಳು ಬೇಕು.

ಹೀಗೆ ತೆಗೆದ ಮೇಲೆ ಕಂಪ್ಯೂಟರಿನ ಕೆಲಸ ಕಡಿಮೆ. ಫೋಟೊಶಾಪ್‌ನಲ್ಲೋ ಗಿಂಪ್‌ನಲ್ಲೋ ಎರಡೂ ಚಿತ್ರಗಳನ್ನು ಒಂದರ ಮೇಲೊಂದು ಲೇಯರ್ ಆಗಿ ಇಟ್ಟು, ಕಂಬ ಕಿಟಕಿಗಳು ಕೂಡುವಂತೆ ಹೊಂದಿಸಬೇಕು. ಆಮೇಲೆ ಮಾಸ್ಕ್ ಹಾಕಿ ಬಲಭಾಗವನ್ನು ಮಾತ್ರ ಹೊಸ ಚಿತ್ರದಿಂದ ಕಾಣಿಸಬೇಕು. ಹಿನ್ನೆಲೆ ಒಂದೇ ಆದ್ದರಿಂದ ಕೂದಲೆಳೆ ಬಿಡಿಸುವ ಕಷ್ಟವಿಲ್ಲ. ಇಬ್ಬರ ನಡುವಿನ ಖಾಲಿ ಜಾಗದಲ್ಲಿ ಬೆಸುಗೆ ಹಾದುಹೋದರೆ ಸಾಕು. ಅಳಿಯನ ಕಾಲಡಿಯ ಕಪ್ಪು ಗೆರೆ, ನೆಲದಿಂದ ಪ್ಯಾಂಟಿನ ಮೇಲೆ ಪ್ರತಿಫಲಿಸಿದ ಕೆಂಪು, ಎಲ್ಲವೂ ತಾವಾಗಿಯೇ ಬಂದಿರುತ್ತವೆ. ಆಲ್ಬಮ್ ಚಿತ್ರದಿಂದ ಕತ್ತರಿಸಿ ತಂದವರಿಗೆ ಇವನ್ನೆಲ್ಲ ಬರೆಯಬೇಕಾಗುತ್ತದೆ. ಸಾಮಾನ್ಯವಾಗಿ ಮರೆತುಹೋಗುವುದು ಪಾದ ನೆಲಕ್ಕೆ ತಾಗುವಲ್ಲಿನ ಆ ತೆಳು ಕಪ್ಪು. ಅದಿಲ್ಲದಿದ್ದರೆ ಆಳು ಗಾಳಿಯಲ್ಲಿ ತೇಲುತ್ತಾನೆ.

ಉಳಿದ ವ್ಯತ್ಯಾಸ ಕಂಡುಹಿಡಿಯಲು ವೃತ್ತಿಯವರು ಎರಡು ಉಪಾಯ ಬಳಸುತ್ತಾರೆ. ಚಿತ್ರವನ್ನು ತಾತ್ಕಾಲಿಕವಾಗಿ ಕಪ್ಪುಬಿಳುಪಾಗಿಸಿದರೆ ಬಣ್ಣದ ಗದ್ದಲ ಹೋಗಿ ಪ್ರಖರತೆಯ ಹೆಚ್ಚುಕಡಿಮೆ ಮಾತ್ರ ಉಳಿಯುತ್ತದೆ. ಅಳಿಯನ ಕೂದಲಿನ ಕಪ್ಪು ಬೇರೆಯವರ ಕೂದಲಿಗಿಂತ ಬೂದಾಗಿದ್ದರೆ ಆಗ ಗೊತ್ತಾಗುತ್ತದೆ. ಬಳಿಕ ಸ್ಯಾಚುರೇಷನ್ ಅನ್ನು ಅತಿಯಾಗಿ ಏರಿಸಿ ನೋಡಿದರೆ ಚರ್ಮ, ಗೋಡೆಗಳ ಬಣ್ಣ ಎಲ್ಲಿ ಹಳದಿಗೆ, ಎಲ್ಲಿ ನೀಲಿಗೆ ವಾಲಿದೆ ಎಂದು ಎದ್ದು ಕಾಣುತ್ತದೆ. ತಿದ್ದಿದ ಮೇಲೆ ಎರಡನ್ನೂ ತೆಗೆದುಹಾಕಬೇಕು. ಕೊನೆಯದಾಗಿ ಕಣ್ಣುಗಳನ್ನು ದೊಡ್ಡದಾಗಿಸಿ ನೋಡಬೇಕು. ಬೆಳಕಿನ ಮೂಲ ಕಣ್ಣುಗುಡ್ಡೆಯ ಮೇಲೆ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಎಲ್ಲರಿಗೂ ಎಡಕ್ಕಿರುವ ಚುಕ್ಕೆ ಒಬ್ಬರಿಗೆ ಮಾತ್ರ ನಡುವೆ ಇದ್ದರೆ ಆ ಮುಖ ಫ್ಲ್ಯಾಶ್ ಬೆಳಕಿನದು. ಹ್ಯಾನಿ ಫರೀದ್ ಮತ್ತು ಮೈಕಾ ಜಾನ್ಸನ್ 2007ರಲ್ಲಿ ಕೂಡಿಸಿದ ಚಿತ್ರಗಳನ್ನು ಪತ್ತೆಹಚ್ಚುವ ವಿಧಾನವೊಂದನ್ನು ಇದೇ ಚುಕ್ಕೆಯ ಮೇಲೆ ಕಟ್ಟಿದರು.

ಬೆಳಕು ಎಷ್ಟೇ ಹೊಂದಿದರೂ ಅಳಿಯ ಮೇ 1ರಂದು ಅಲ್ಲಿರಲಿಲ್ಲ. ಅದಕ್ಕಾಗಿ ಮೂಲ ಫೋಟೊವನ್ನು ಮುಟ್ಟದೆ ಬೇರೆ ಹೆಸರಿನಲ್ಲಿ ಉಳಿಸಬೇಕು, ಜೋಡಿಸಿದ್ದನ್ನು ಲೇಯರ್ ಸಮೇತ ಇನ್ನೊಂದು ಕಡತವಾಗಿ ಇಡಬೇಕು. ಕಡತದ ವಿವರಣೆಯಲ್ಲಿ ಬರೆದಿಟ್ಟರೂ ವಾಟ್ಸಾಪ್‌ನಲ್ಲಿ ಕಳಿಸಿದಾಗ ಆ ಬರಹ ಸಾಮಾನ್ಯವಾಗಿ ಉದುರಿಹೋಗುತ್ತದೆ. ಆದ್ದರಿಂದ ಪ್ರಿಂಟಿನ ಹಿಂಬದಿಯಲ್ಲಿ ಅಥವಾ ಕೆಳ ಅಂಚಿನಲ್ಲಿ ಒಂದು ಸಾಲು ಹಾಕಬೇಕು: ಬಲತುದಿಯವರ ಚಿತ್ರ ಆಗಸ್ಟ್ 11ರದು, ಆಮೇಲೆ ಸೇರಿಸಿದ್ದು.