ಉನ್ಮಾದದ ನಡುವೆ ರೋಗಿ ‘ಒಲ್ಲೆ’ ಎಂದಾಗ

ದಾವಣಗೆರೆ ಕಡೆಯ ಒಬ್ಬ ಬಟ್ಟೆ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳಿ. ವಯಸ್ಸು 34. ಒಂಬತ್ತು ದಿನಗಳಿಂದ ರಾತ್ರಿ ಎರಡು ಗಂಟೆಗಿಂತ ಹೆಚ್ಚು ಮಲಗಿಲ್ಲ, ಆದರೂ ಸುಸ್ತು ಎಂಬುದಿಲ್ಲ. ಮಾತು ನಿಲ್ಲುವುದಿಲ್ಲ. ಅಂಗಡಿಯ ಸರಕನ್ನು ಅರ್ಧ ಬೆಲೆಗೆ ಹಂಚಿದ್ದಾನೆ, ಊರೂರಿಗೆ ಶಾಖೆ ತೆರೆಯುವೆನೆಂದು ಕಂಡಕಂಡವರಿಗೆ ಮುಂಗಡ ಕೊಟ್ಟಿದ್ದಾನೆ. ನಿನ್ನೆ ನಡುರಾತ್ರಿ ಬೈಕಿನ ದೀಪ ಆರಿಸಿ ಹೆದ್ದಾರಿಯಲ್ಲಿ ಹೋದ. ಲಾರಿಗಳೇ ತನಗೆ ದಾರಿ ಬಿಡುತ್ತವಂತೆ. ತಡೆಯಲು ಬಂದ ಅಣ್ಣನನ್ನು ನೂಕಿ ಬೀಳಿಸಿದ. ಹೆಂಡತಿ ಮತ್ತು ಅಣ್ಣ ಸೇರಿ ಅವನನ್ನು ಮನೋವೈದ್ಯಕೀಯ ವಾರ್ಡು ಇರುವ ಜನರಲ್ ಆಸ್ಪತ್ರೆಗೆ ತಂದಿದ್ದಾರೆ. ಗುಳಿಗೆ ಕೊಟ್ಟರೆ ಅವನು ನಗುತ್ತಾನೆ: “ನನಗೇನಾಗೈತ್ರಿ ಡಾಕ್ಟ್ರೇ? ಹುಟ್ಟಿದಾಗಿನಿಂದ ಇಷ್ಟು ಆರಾಮ ಇದ್ದಿದ್ದೇ ಇಲ್ಲ.”

ಈ ಹೊತ್ತಿನಲ್ಲಿ ಡ್ಯೂಟಿ ಡಾಕ್ಟರು ಏನು ಮಾಡಬೇಕು? ಇದನ್ನು ಮೊದಲೇ ಬರೆದಿಡುವುದಕ್ಕೇ ಆಸ್ಪತ್ರೆಗೊಂದು ನೀತಿ ಬೇಕು. ಬರೆಯದಿದ್ದರೆ ಆ ರಾತ್ರಿ ಯಾರ ದನಿ ದೊಡ್ಡದೋ ಅವರ ಮಾತು ನಡೆಯುತ್ತದೆ. ಸಾಮಾನ್ಯವಾಗಿ ಅದು ಸುಸ್ತಾದ ಮನೆಯವರ ದನಿ.

ನಮ್ಮ ದೇಶದಲ್ಲಿ ಇಂಥ ನೀತಿಗೆ ಆಧಾರ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಅದಕ್ಕೂ ಹಿಂದಿನ 1987ರ ಕಾಯ್ದೆಯ ಕಾಲದಲ್ಲಿ ದಾಖಲಾತಿಯೇ ದೊಡ್ಡ ಪ್ರಶ್ನೆಯಾಗಿತ್ತು. ಒಳಗೆ ಬಂದವನಿಗೆ ಔಷಧ ಕೊಡುವುದು ಅದರ ಜೊತೆಗೇ ಬಂದಂತೆ ನಡೆಯುತ್ತಿತ್ತು. ಹೊಸ ಕಾಯ್ದೆ ದಾಖಲಾತಿ ಬೇರೆ, ಚಿಕಿತ್ಸೆ ಬೇರೆ ಎನ್ನುತ್ತದೆ. ಮಾನಸಿಕ ಕಾಯಿಲೆ ಇದ್ದವನಿಗೂ ತನ್ನ ಚಿಕಿತ್ಸೆಯ ಬಗ್ಗೆ ತೀರ್ಮಾನಿಸುವ ಸಾಮರ್ಥ್ಯ ಇದೆ ಎಂದೇ ಅದು ಹೊರಡುತ್ತದೆ. ಅವನ ತೀರ್ಮಾನ ಉಳಿದವರಿಗೆ ತಪ್ಪೆನಿಸಿದ ಮಾತ್ರಕ್ಕೆ ಸಾಮರ್ಥ್ಯ ಇಲ್ಲ ಎನ್ನುವಂತಿಲ್ಲ. ಹಾಗಾಗಿ ಕೇಸ್ ಶೀಟಿನಲ್ಲಿ “ಗುಳಿಗೆ ನಿರಾಕರಿಸಿದ, ಆದ್ದರಿಂದ ಸಾಮರ್ಥ್ಯವಿಲ್ಲ” ಎಂದು ಬರೆದರೆ ಅದು ನಿಲ್ಲದ ಬರಹ.

ತೊಡಕು ಮುಂದಿದೆ. ಕಾಯ್ದೆಯ 4ನೆಯ ಕಲಮು ಸಾಮರ್ಥ್ಯಕ್ಕೆ ಮೂರು ಲಕ್ಷಣ ಹೇಳುತ್ತದೆ: ಮಾಹಿತಿಯನ್ನು ಅರ್ಥ ಮಾಡಿಕೊಳ್ಳುವುದು, ತೀರ್ಮಾನದಿಂದ ಮುಂದೇನಾಗಬಹುದೆಂದು ಮನಗಾಣುವುದು, ತೀರ್ಮಾನವನ್ನು ತಿಳಿಸುವುದು. ಈ ಮೂರರ ನಡುವೆ ಕಾಯ್ದೆ ಹಾಕಿರುವುದು ‘ಮತ್ತು’ ಅಲ್ಲ, ‘ಅಥವಾ’. ಅಕ್ಷರಶಃ ಓದಿದರೆ ಮೂರರಲ್ಲಿ ಒಂದಿದ್ದರೂ ಸಾಕು. ಉನ್ಮಾದದ ರೋಗಿಗೆ ತಿಳಿಸುವುದು ಯಾವತ್ತೂ ಕಷ್ಟವಲ್ಲ, ಅವನು ಎಲ್ಲರಿಗಿಂತ ಚೆನ್ನಾಗಿ ತಿಳಿಸುತ್ತಾನೆ! ಆ ಓದಿನ ಪ್ರಕಾರ ನಮ್ಮ ವ್ಯಾಪಾರಿ ಪೂರ್ಣ ಸಮರ್ಥ. ಕಾಯ್ದೆಯಡಿ ತಜ್ಞರ ಸಮಿತಿ ಸಿದ್ಧಪಡಿಸಿದ ಮಾರ್ಗಸೂಚಿ ಇದಕ್ಕೊಂದು ಕ್ರಮ ಹಾಕಿಕೊಟ್ಟಿದೆ. ರೋಗಿಯೊಡನೆ ಅರ್ಥಪೂರ್ಣ ಮಾತುಕತೆಯೇ ಸಾಧ್ಯವಿಲ್ಲವೇ ಎಂಬುದನ್ನು ಮೊದಲು ನೋಡಿ, ಆಮೇಲೆ ಉಳಿದವನ್ನು ಒಂದೊಂದಾಗಿ ಕೇಳಬೇಕು. ಆಸ್ಪತ್ರೆಯ ನೀತಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಉನ್ಮಾದದಲ್ಲಿ ಮುರಿಯುವ ಜಾಗ ಯಾವುದೆಂದು ಬಿಡಿಸಿ ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಆ ಜಾಗ ಎರಡನೆಯದು. ವ್ಯಾಪಾರಿಯೊಡನೆ ನಡೆಯಬಹುದಾದ ಮಾತುಕತೆ ಹೀಗಿದ್ದೀತು. ವೈದ್ಯರು ಕಾಯಿಲೆ, ಗುಳಿಗೆ, ಅಡ್ಡಪರಿಣಾಮ ಎಲ್ಲವನ್ನೂ ಸರಳವಾಗಿ ಹೇಳಿ, “ನಾನು ಹೇಳಿದ್ದನ್ನು ನಿಮ್ಮ ಮಾತಲ್ಲಿ ಹೇಳಿ” ಎನ್ನುತ್ತಾರೆ. ಅವನು ಒಂದಕ್ಷರ ತಪ್ಪದೆ ಹೇಳುತ್ತಾನೆ: “ಇದು ನಿದ್ದಿ ಬರಿಸತೈತಿ, ತಲಿ ತಣ್ಣಗ ಮಾಡತೈತಿ, ಕೈ ನಡುಗಬಹುದು.” ಅರ್ಥವಾಗಿದೆ. “ತಗೊಳ್ಳದಿದ್ದರೆ ನಿಮಗೆ ಏನಾಗಬಹುದು?” ಎಂದು ಕೇಳಿದಾಗ ಉತ್ತರ ಬದಲಾಗುತ್ತದೆ: “ಬ್ಯಾರೇದವರಿಗೆ ಆಗಬಹುದು. ನನಗ ಏನೂ ಆಗಂಗಿಲ್ಲ, ನಿನ್ನೆ ಲಾರಿ ಎಲ್ಲಾ ಸರಿದು ನಿಂತವಲ್ಲ!” ಮಾಹಿತಿ ತಲೆಯೊಳಗಿದೆ, ಆದರೆ ಅದು ತನಗೆ ಅನ್ವಯಿಸುತ್ತದೆ ಎಂಬುದು ಇಳಿದಿಲ್ಲ. ನೀತಿಯ ನಮೂನೆಯಲ್ಲಿ “ಸಾಮರ್ಥ್ಯ: ಇದೆ / ಇಲ್ಲ” ಎಂದು ಎರಡು ಚೌಕ ಮುದ್ರಿಸಿ ಬಿಟ್ಟರೆ ಈ ವ್ಯತ್ಯಾಸ ಎಲ್ಲೂ ಉಳಿಯದು. ಪ್ರಶ್ನೆ ಮತ್ತು ರೋಗಿಯ ಉತ್ತರ ಅವನದೇ ಮಾತಿನಲ್ಲಿ ದಾಖಲಾಗಬೇಕು. ನಾಳೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿ ಕೇಳಿದರೆ ತೋರಿಸಲು ಇರುವುದು ಅದೊಂದೇ.

ಇದೇ ವ್ಯಾಪಾರಿ ಇನ್ನೊಂದು ಮಾತನ್ನೂ ಹೇಳಿದ ಎನ್ನಿ: “ಹೋದ ಸಲ ಓಲಾನ್ಜಪೈನ್ ಕೊಟ್ಟು ಹನ್ನೊಂದು ಕಿಲೋ ದಪ್ಪ ಆದೆ. ಅದು ಬ್ಯಾಡ.” ಹಳೆಯ ಫೈಲು ತೆಗೆದರೆ ಅದು ನಿಜ. ತೂಕ ಏರುವುದು ಆ ಔಷಧದ ಗೊತ್ತಿರುವ ದೋಷ. ಸಾಮರ್ಥ್ಯ ಎಂಬುದು ಮನುಷ್ಯನಿಗೆ ಅಂಟಿಸುವ ಚೀಟಿಯಲ್ಲ, ಆ ಹೊತ್ತಿನ ಆ ಒಂದು ತೀರ್ಮಾನಕ್ಕೆ ಸಂಬಂಧಿಸಿದ್ದು. ಚಿಕಿತ್ಸೆಯೇ ಬೇಡ ಎಂಬ ಅವನ ನಿರಾಕರಣೆಯನ್ನು ಕಾಯಿಲೆ ನುಂಗಿರಬಹುದು; ಈ ಗುಳಿಗೆ ಬೇಡ ಎಂಬುದು ಅವನ ಅನುಭವದ ಮಾತು. ಬೇರೆ ಔಷಧ ಇರುವಾಗ ಅದನ್ನೇ ಹಟ ಹಿಡಿದು ಕೊಡಬಾರದು ಎಂದು ನೀತಿಯಲ್ಲಿ ಬರೆಯುವುದರಿಂದ ನಷ್ಟವೇನಿಲ್ಲ. ಎಷ್ಟೋ ಸಲ ಇಷ್ಟು ಬಿಟ್ಟುಕೊಟ್ಟರೆ ರೋಗಿ ಇನ್ನೊಂದು ಗುಳಿಗೆಯನ್ನು ತಾನೇ ನುಂಗುತ್ತಾನೆ.

ನುಂಗದಿದ್ದರೆ? ಆಗ ಕಾಯ್ದೆಯಲ್ಲಿ ಎರಡು ಬಾಗಿಲುಗಳಿವೆ. ವಾರ್ಡಿನಲ್ಲಿ ಇವೆರಡನ್ನೂ ಬೆರೆಸಿಬಿಡುವುದು ಸುಲಭ.

ಮೊದಲನೆಯದು ತುರ್ತು ಚಿಕಿತ್ಸೆ, 94ನೆಯ ಕಲಮು. ಸಾವು ಅಥವಾ ಸರಿಪಡಿಸಲಾಗದ ಹಾನಿ, ತನಗೋ ಇತರರಿಗೋ ಗಂಭೀರ ಪೆಟ್ಟು, ಕಾಯಿಲೆಯಿಂದಲೇ ಹುಟ್ಟಿದ ವರ್ತನೆಯಿಂದ ಆಸ್ತಿಗೆ ಭಾರಿ ಹಾನಿ, ಇವನ್ನು ತಡೆಯಲು ತಕ್ಷಣ ಬೇಕಾದ ಚಿಕಿತ್ಸೆಯನ್ನು ಯಾವುದೇ ನೋಂದಾಯಿತ ವೈದ್ಯರು ಕೊಡಬಹುದು. ರೋಗಿಯ ಪ್ರತಿನಿಧಿ ಸಿಕ್ಕಿದರೆ ಅವರ ಒಪ್ಪಿಗೆ ಬೇಕು. ಇದರ ಆಯಸ್ಸು ಕರ್ನಾಟಕದಲ್ಲಿ ಹೆಚ್ಚೆಂದರೆ 72 ಗಂಟೆ, ಅಥವಾ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಪರೀಕ್ಷೆ ಆಗುವವರೆಗೆ, ಯಾವುದು ಮೊದಲೋ ಅದು. ತುರ್ತಿಗೆ ನೇರ ಸಂಬಂಧವಿಲ್ಲದ ಚಿಕಿತ್ಸೆಗೆ ಅವಕಾಶವಿಲ್ಲ, ವಿದ್ಯುತ್ ಕಂಪನ ಚಿಕಿತ್ಸೆಗಂತೂ ಇಲ್ಲವೇ ಇಲ್ಲ. ಇಲ್ಲಿ ಔಷಧದ ಗುಣವೂ ಕಾನೂನಿಗೆ ತಾಳೆಯಾಗಬೇಕು. ವಾರಗಟ್ಟಲೆ ದೇಹದಲ್ಲಿ ಉಳಿಯುವ ಡಿಪೋ ಇಂಜೆಕ್ಷನ್ನನ್ನು ಮೂರು ದಿನದ ಅಧಿಕಾರದಲ್ಲಿ ಚುಚ್ಚಿದರೆ ಅದು ತುರ್ತು ಚಿಕಿತ್ಸೆ ಹೇಗಾದೀತು? ಲಿಥಿಯಂ ಕೂಡ ಪರಿಣಾಮ ತೋರಲು ದಿನಗಳು ಬೇಕಾದ, ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿ ಶುರುಮಾಡಬೇಕಾದ ಔಷಧ. ಇವೆರಡನ್ನೂ ನೀತಿ ಹೆಸರಿಸಿಯೇ ಹೊರಗಿಡಬೇಕು.

ತುರ್ತಿಗೆ ಬೇಕಾದ ಔಷಧದ ಬಗ್ಗೆ ನಮ್ಮ ನೆರೆಯಲ್ಲೇ ಒಳ್ಳೆಯ ಅಧ್ಯಯನವಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 200 ರೋಗಿಗಳಲ್ಲಿ ಲೊರಾಜೆಪಾಮ್ ಇಂಜೆಕ್ಷನ್ನನ್ನು, ಹಾಲೋಪೆರಿಡಾಲ್ ಜೊತೆ ಪ್ರೊಮೆಥಜೀನ್ ಸೇರಿಸಿದ ಇಂಜೆಕ್ಷನ್ನಿಗೆ ಹೋಲಿಸಿ ನೋಡಿದ ವರದಿ 2004ರಲ್ಲಿ ಪ್ರಕಟವಾಯಿತು. ಎರಡೂ ಕೆಲಸ ಮಾಡಿದವು. ಜೋಡಿ ಔಷಧ ಬೇಗ ಶಾಂತಗೊಳಿಸಿತು. ಹಾಲೋಪೆರಿಡಾಲ್ ಒಂದನ್ನೇ ಕೊಟ್ಟರೆ ಕತ್ತು, ದವಡೆ ಸೆಟೆದು ತಿರುಚಿಕೊಳ್ಳುವ ಭಯ ಇದೆ, ಪ್ರೊಮೆಥಜೀನ್ ಅದನ್ನು ತಡೆಯುತ್ತದೆ. ಹಾಗೆ ಒಮ್ಮೆ ಕತ್ತು ತಿರುಚಿಕೊಂಡ ರೋಗಿ ಮುಂದೆ ಯಾವ ಗುಳಿಗೆಯನ್ನೂ ನಂಬದಿದ್ದರೆ ಅದನ್ನು ಕಾಯಿಲೆ ಎನ್ನಲಾಗದು. ಇಂಜೆಕ್ಷನ್ ಆದ ಮೊದಲ ಗಂಟೆ ಪ್ರತಿ 15 ನಿಮಿಷಕ್ಕೊಮ್ಮೆ ನಾಡಿ, ಉಸಿರು, ರಕ್ತದೊತ್ತಡ ನೋಡಿ ಬರೆಯುವ ನರ್ಸ್ ಯಾರೆಂದು ಮೊದಲೇ ಗೊತ್ತಿರಬೇಕು. ಕೈಕಾಲು ಕಟ್ಟಲೇಬೇಕಾಗಿ ಬಂದರೆ ಮನೋವೈದ್ಯರ ಅನುಮತಿ, ತಕ್ಷಣದ ದಾಖಲೆ, 24 ಗಂಟೆಯೊಳಗೆ ಪ್ರತಿನಿಧಿಗೆ ಸುದ್ದಿ ಕಡ್ಡಾಯ. ಸಿಬ್ಬಂದಿ ಸಾಲದು ಎಂಬುದು ಕಟ್ಟಲು ಕಾರಣವಾಗದು ಎಂದು ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ರಾತ್ರಿ ಪಾಳಿಯಲ್ಲಿ ಸೆಣಸಬೇಕಾದದ್ದು ಈ ಸಾಲಿನ ಜೊತೆಗೇ.

ಎರಡನೆಯ ಬಾಗಿಲು 89ನೆಯ ಕಲಮಿನ ಬೆಂಬಲಿತ ದಾಖಲಾತಿ, ಗರಿಷ್ಠ 30 ದಿನ. ಒಬ್ಬ ಮನೋವೈದ್ಯ ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರ ಅಥವಾ ವೈದ್ಯರು ಬೇರೆಬೇರೆಯಾಗಿ ಪರೀಕ್ಷಿಸಿ, ಅಪಾಯ ಇತ್ತೀಚಿನದು, ಇದಕ್ಕಿಂತ ಕಡಿಮೆ ಬಂಧನದ ದಾರಿ ಇಲ್ಲ ಎಂದು ಬರೆಯಬೇಕು. ಹೆದ್ದಾರಿಯ ಸವಾರಿ, ಅಣ್ಣನನ್ನು ನೂಕಿದ್ದು ಇಲ್ಲಿ ಸಾಕ್ಷ್ಯ. ಅರ್ಧ ಬೆಲೆಗೆ ಸೀರೆ ಮಾರಿದ್ದು ಒಂದೇ ಸಾಲದು. ರೋಗಿಗೆ ತೀರ್ಮಾನಿಸಲು ಹೆಚ್ಚುಕಡಿಮೆ ನೂರಕ್ಕೆ ನೂರರಷ್ಟು ಬೆಂಬಲ ಬೇಕಾದಾಗ ಮಾತ್ರ ಪ್ರತಿನಿಧಿ ಅವನ ಪರವಾಗಿ ತಾತ್ಕಾಲಿಕವಾಗಿ ಚಿಕಿತ್ಸೆಗೆ ಒಪ್ಪಿಗೆ ಕೊಡಬಹುದು. ಮಂಡಳಿಗೆ ಏಳು ದಿನದೊಳಗೆ ವರದಿ ಹೋಗಬೇಕು, ಮಹಿಳೆಯಾಗಿದ್ದರೆ ಮೂರು ದಿನದೊಳಗೆ.

ಆ ಪ್ರತಿನಿಧಿ ಯಾರು? ಆಸ್ಪತ್ರೆಗೆ ಕರೆತಂದವರು, ಬಿಲ್ಲು ಕಟ್ಟುವವರು ಎಂದುಕೊಳ್ಳುವುದು ರೂಢಿ. ನಮ್ಮ ವ್ಯಾಪಾರಿಯ ಅಂಗಡಿಯಲ್ಲಿ ಅಣ್ಣನದೂ ಪಾಲಿದೆ, ಲೆಕ್ಕದ ಜಗಳವೂ ಇದೆ. “ಅಣ್ಣ ಬ್ಯಾಡ, ಬೇಕಾದ್ರ ನನ್ನ ಹೆಂಡತಿ ಸಹಿ ಮಾಡಲಿ” ಎಂದು ಅವನು ಇಷ್ಟೆಲ್ಲ ಗಲಾಟೆಯ ನಡುವೆಯೂ ಹೇಳಿದರೆ ಆ ಮಾತಿಗೆ ತೂಕ ಕೊಡಬೇಕು. ಸಹಿ ಹಾಕಿಸಿಕೊಳ್ಳುವ ಮೊದಲು ರೋಗಿಯನ್ನೇ ಕೇಳಿ ಎಂಬ ಒಂದು ಸಾಲು ನೀತಿಯಲ್ಲಿ ಇದ್ದರೆ ಸಾಕು.

ಮನೆಯವರಿಂದ ಬರುವ ಇನ್ನೊಂದು ಬೇಡಿಕೆ ಎಲ್ಲ ವಾರ್ಡಿಗೂ ಗೊತ್ತು: “ಕಾಫಿಯಲ್ಲಿ ಹಾಕಿ ಕೊಟ್ಟುಬಿಡಿ ಸರ್, ಮನೇಲಿ ಹಾಗೇ ಮಾಡ್ತಿದ್ವಿ.” ಅವರ ಕಷ್ಟ ಅರ್ಥವಾಗುತ್ತದೆ. ಆದರೆ ಒಪ್ಪಿಗೆಯ ಮೇಲೆ ನಿಂತ ಕಾಯ್ದೆಯಡಿ ನಡೆಯುವ ವಾರ್ಡಿನಲ್ಲಿ ಕದ್ದು ಕೊಡುವ ಔಷಧಕ್ಕೆ ಜಾಗವಿಲ್ಲ. ಪ್ರತಿನಿಧಿಯ ಒಪ್ಪಿಗೆಯಿಂದ ಕೊಡುವುದಾದರೂ ರೋಗಿಗೆ ಹೇಳಿಯೇ ಕೊಡಬೇಕು. ಗೊತ್ತಾದ ದಿನ ಅವನು ಔಷಧದ ಜೊತೆ ಊಟವನ್ನೂ ಬಿಡುತ್ತಾನೆ.

ಪ್ರತಿನಿಧಿ ಒಪ್ಪಿಗೆ ಕೊಟ್ಟಿದ್ದರೆ ಏಳು ದಿನಕ್ಕೊಮ್ಮೆ ಸಾಮರ್ಥ್ಯವನ್ನು ಮರುಪರೀಕ್ಷಿಸಬೇಕೆಂದು ಕಾಯ್ದೆ ಹೇಳುತ್ತದೆ. ಉನ್ಮಾದಕ್ಕೆ ಅದು ತಡ. ಎರಡು ರಾತ್ರಿ ಆರು ಗಂಟೆ ನಿದ್ದೆ ಬಿದ್ದರೆ ಮನುಷ್ಯ ಬೇರೆಯೇ ಆಗಬಹುದು. ನಿದ್ದೆಯ ತಖ್ತೆ ನೋಡಿ, ಸುಧಾರಣೆ ಕಂಡ ಬೆಳಿಗ್ಗೆಯೇ ಅದೇ ಪ್ರಶ್ನೆಗಳನ್ನು ಮತ್ತೆ ಕೇಳುವುದು ಒಳ್ಳೆಯದು. ಐದನೆಯ ದಿನ ವ್ಯಾಪಾರಿ “ದೀಪ ಆರಿಸಿ ಹೋಗಬಾರದಿತ್ತು, ಸಾಯ್ತಿದ್ದೆ” ಎಂದನೆನ್ನಿ. ಈಗ ಅದು ಅವನಿಗೆ ಇಳಿದಿದೆ. ಹೆಂಡತಿಯ ಸಹಿಯ ಕೆಲಸ ಅಲ್ಲಿಗೆ ಮುಗಿಯಿತು. ಇನ್ನು ಅವನು ಸ್ವತಂತ್ರ ರೋಗಿ, ಲಿಥಿಯಂ ಬೇಡ ಎಂದರೆ ಬೇಡವೇ. ವೈದ್ಯರಿಗೆ ಇದು ಬಹಳ ಕಸಿವಿಸಿಯ ಗಳಿಗೆ, ಏಕೆಂದರೆ ಅರ್ಧ ಇಳಿದ ಉನ್ಮಾದ ಮತ್ತೆ ಏರಬಹುದು. ಅವನು ಹೊರಡುತ್ತೇನೆಂದರೆ, ಬೆಂಬಲಿತ ದಾಖಲಾತಿ ಬೇಕೇ ಎಂದು ಪರೀಕ್ಷಿಸಲು 24 ಗಂಟೆ ತಡೆಯಬಹುದು, ಅಷ್ಟೇ.

ಅವನು ಹೊರಡುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಕಾಯ್ದೆ ಕೊಟ್ಟಿರುವ ಮುಂಗಡ ನಿರ್ದೇಶನದ ಪತ್ರವನ್ನು ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಬರೆಯಲು ಅವನಿಗೆ ನೆರವಾಗುವುದು: ಮುಂದಿನ ಸಲ ಓಲಾನ್ಜಪೈನ್ ಬೇಡ, ಪ್ರತಿನಿಧಿ ಹೆಂಡತಿ, ಅಣ್ಣನಲ್ಲ. ಇದು ತುರ್ತು ಚಿಕಿತ್ಸೆಗೆ ಅನ್ವಯಿಸುವುದಿಲ್ಲ, ಅದನ್ನು ಅವನಿಗೆ ಮುಚ್ಚಿಡದೆ ಹೇಳಬೇಕು. ಆದರೂ ಪತ್ರದ ಒಂದು ಪ್ರತಿ ವಾರ್ಡಿನ ಕಪಾಟಿನಲ್ಲಷ್ಟೇ ಅಲ್ಲದೆ ತುರ್ತು ವಿಭಾಗದಲ್ಲೂ ಇರಬೇಕು. ಯಾವ ಇಂಜೆಕ್ಷನ್, ಯಾರಿಗೆ ಫೋನು ಎಂಬುದನ್ನು ಮುಂದಿನ ಸಲ ಮೊದಲು ತೀರ್ಮಾನಿಸುವವರು ಅಲ್ಲಿಯ ಡ್ಯೂಟಿ ಡಾಕ್ಟರೇ.