1ನ್ನು 21ರಿಂದ ಭಾಗಿಸಿದಾಗ ಶೇಷಗಳು ಪಾಲಿಸುವ ನಿಯಮ

ಒಂದು ಹಾಳೆ ತೆಗೆದುಕೊಂಡು 1ನ್ನು 21ರಿಂದ ಭಾಗಿಸಿ. ಉತ್ತರ 0.047619 047619... ಎಂದು ಬರುತ್ತದೆ, ಆರು ಅಂಕಿಗಳು ಮತ್ತೆ ಮತ್ತೆ ಮರಳುತ್ತವೆ. ಈಗ ಉತ್ತರವನ್ನು ಬದಿಗಿಟ್ಟು, ಭಾಗಾಕಾರದ ಪ್ರತಿ ಹಂತದಲ್ಲಿ ಉಳಿದ ಶೇಷಗಳನ್ನು ನೋಡಿ. ಮೊದಲು 1, ಆಮೇಲೆ 10, 16, 13, 4, 19. ಅದರ ನಂತರ ಮತ್ತೆ 1. ಪ್ರತಿ ಸಲವೂ ನಾವು ಶೇಷಕ್ಕೆ ಒಂದು ಸೊನ್ನೆ ಇಳಿಸುತ್ತೇವೆ, ಅಂದರೆ 10ರಿಂದ ಗುಣಿಸುತ್ತೇವೆ. ಬಂದದ್ದರಲ್ಲಿ 21ರ ಮಡಿಗಳನ್ನು ಕಳೆಯುತ್ತೇವೆ.

21ಕ್ಕಿಂತ ಚಿಕ್ಕದಾದ ಯಾವ ಸಂಖ್ಯೆ ಬೇಕಾದರೂ ಇಲ್ಲಿ ಶೇಷವಾಗಿ ಬರಲಾರದು. 21ರ ಅಪವರ್ತನಗಳು 3 ಮತ್ತು 7. 10ರಲ್ಲಿ ಇವೆರಡೂ ಇಲ್ಲ. ಹಾಗಾಗಿ 1ರಿಂದ ಹೊರಟು 10ರಿಂದ ಎಷ್ಟು ಸಲ ಗುಣಿಸಿದರೂ 3ರಿಂದಾಗಲಿ 7ರಿಂದಾಗಲಿ ಭಾಗವಾಗುವ ಶೇಷ ಸಿಗುವುದಿಲ್ಲ. ಆ ಎರಡರ ಸೋಂಕಿಲ್ಲದ ಸಂಖ್ಯೆಗಳು ಒಟ್ಟು ಹನ್ನೆರಡು: 1, 2, 4, 5, 8, 10, 11, 13, 16, 17, 19, 20. ಅವುಗಳಲ್ಲಿ ನಮ್ಮ ಭಾಗಾಕಾರ ಮುಟ್ಟಿದ್ದು ಆರನ್ನು. 12ನ್ನು 6 ನಿಶ್ಶೇಷವಾಗಿ ಭಾಗಿಸುತ್ತದೆ. 21ರ ಬದಲು 11ನ್ನು ತೆಗೆದುಕೊಂಡರೆ ಹತ್ತರಲ್ಲಿ ಎರಡು ಶೇಷಗಳು ಬರುತ್ತವೆ. 37 ಆದರೆ ಮೂವತ್ತಾರರಲ್ಲಿ ಮೂರು. ಹನ್ನೆರಡರಲ್ಲಿ ಐದು, ಹತ್ತರಲ್ಲಿ ನಾಲ್ಕು ಎಂಬಂಥ ಲೆಕ್ಕ ಎಂದೂ ಬರುವುದಿಲ್ಲ. ಏಕೆ?

ಕಾರಣ ಆ ಹನ್ನೆರಡು ಸಂಖ್ಯೆಗಳ ಸ್ವಭಾವದಲ್ಲಿದೆ. ಅವುಗಳಲ್ಲಿ ಯಾವುದೇ ಎರಡನ್ನು ಗುಣಿಸಿ 21ರಿಂದ ಭಾಗಿಸಿದರೆ ಉಳಿಯುವ ಶೇಷವೂ ಆ ಹನ್ನೆರಡರಲ್ಲೇ ಒಂದು. ಜೊತೆಗೆ, ಪ್ರತಿಯೊಂದು ಸಂಖ್ಯೆಯ ಗುಣಾಕಾರವನ್ನು ರದ್ದುಮಾಡುವ ಇನ್ನೊಂದು ಸಂಖ್ಯೆ ಅಲ್ಲೇ ಇದೆ. 2ಕ್ಕೆ ಆ ಜೊತೆಗಾರ 11, ಏಕೆಂದರೆ 2×11 = 22, ಶೇಷ 1. 5ಕ್ಕೆ 17, ಏಕೆಂದರೆ 85ರಲ್ಲಿ 84 ಹೋದರೆ 1. ಹೀಗೆ ರದ್ದುಮಾಡಬಲ್ಲ ಸಂಖ್ಯೆಗಳನ್ನು ಗಣಿತದಲ್ಲಿ ಯೂನಿಟ್‌ಗಳು ಎನ್ನುತ್ತಾರೆ. ಗುಣಾಕಾರದ ಜೊತೆಗೆ ಇವು ಒಂದು ಗುಂಪಾಗುತ್ತವೆ. ಆ ಗುಂಪಿನೊಳಗೇ ಇದ್ದು, ತಮ್ಮತಮ್ಮಲ್ಲಿ ಗುಣಿಸಿಕೊಂಡರೆ ಹೊರಗೆ ಹೋಗದ, ತಮ್ಮ ರದ್ದುಕಾರಕಗಳನ್ನೂ ತಮ್ಮೊಳಗೇ ಇಟ್ಟುಕೊಂಡ ಸಂಖ್ಯೆಗಳ ಕೂಟ ಉಪಗುಂಪು. ಮೇಲಿನ ಆರು ಶೇಷಗಳು ಅಂಥ ಒಂದು ಉಪಗುಂಪು.

ವಾದವನ್ನು ಪೂರ್ತಿ ಕಣ್ಣಾರೆ ಕಾಣಲು ಇನ್ನೂ ಚಿಕ್ಕ ಉಪಗುಂಪೊಂದನ್ನು ಹಿಡಿಯೋಣ: 1, 4, 16. ಇಲ್ಲಿ 4×4 = 16; 4×16 = 64, ಶೇಷ 1; 16×16 = 256, ಶೇಷ 4. ಮೂರೂ ಒಳಗೇ ಉಳಿದವು. ಇದನ್ನು ಮೊದಲ ಸಾಲಾಗಿ ಬರೆಯಿರಿ. ಇದರಲ್ಲಿ ಇಲ್ಲದ ಒಂದು ಯೂನಿಟ್, 2ನ್ನು, ತೆಗೆದುಕೊಂಡು ಇಡೀ ಸಾಲನ್ನು ಗುಣಿಸಿ: 2, 8, 11. ಇನ್ನೂ ಬರದ 5ರಿಂದ ಗುಣಿಸಿ: 5, 20, 17. ಇನ್ನೂ ಬರದ 10ರಿಂದ ಗುಣಿಸಿ: 10, 19, 13. ಅಲ್ಲಿಗೆ ಹನ್ನೆರಡೂ ಮುಗಿದವು. ಮೂರರ ನಾಲ್ಕು ಸಾಲು. ಯಾವ ಸಂಖ್ಯೆಯೂ ಎರಡು ಕಡೆ ಇಲ್ಲ, ಯಾವುದೂ ಹೊರಗುಳಿದಿಲ್ಲ.

ಇದು ಹೀಗೆಯೇ ಆಗಬೇಕು ಎನ್ನಲು ಮೂರು ಸಂಗತಿ ಸಾಕು. ಮೊದಲನೆಯದು, ಎಲ್ಲ ಸಾಲುಗಳ ಉದ್ದ ಒಂದೇ. 2ರಿಂದ ಗುಣಿಸಿದಾಗ ಎರಡು ಬೇರೆ ಸಂಖ್ಯೆಗಳು ಒಂದೇ ಆಗಿಬಿಟ್ಟರೆ, 11ರಿಂದ ಗುಣಿಸಿ ಹಿಂದಕ್ಕೆ ಬಂದಾಗಲೂ ಅವು ಒಂದೇ ಆಗಿರಬೇಕು. ಆದರೆ ಅವು ಬೇರೆಯಾಗಿದ್ದವು. ಎರಡನೆಯದು, ಪ್ರತಿ ಯೂನಿಟ್‌ಗೂ ಒಂದು ಸಾಲು ಉಂಟು. ಮೊದಲ ಸಾಲಿನಲ್ಲಿ 1 ಇರುವುದರಿಂದ, 5ರಿಂದ ಗುಣಿಸಿದ ಸಾಲಿನಲ್ಲಿ 5 ಇದ್ದೇ ಇರುತ್ತದೆ.

ಮೂರನೆಯದೇ ಇಡೀ ವಾದದ ತಿರುಳು. ಎರಡು ಸಾಲುಗಳು ಒಂದೇ ಒಂದು ಸಂಖ್ಯೆಯನ್ನು ಹಂಚಿಕೊಂಡರೂ ಅವು ಪೂರ್ತಿ ಒಂದೇ ಸಾಲು. 2ರ ಸಾಲಿಗೂ 8ರ ಸಾಲಿಗೂ 8 ಸೇರಿದೆ. 8ರ ಸಾಲನ್ನು ಬರೆದು ನೋಡಿದರೆ 8, 11, 2. ಸಂಖ್ಯೆಗಳು ಅವೇ, ಕ್ರಮ ಮಾತ್ರ ಬೇರೆ. ಕಾರಣ ಇಷ್ಟೇ: 8 ಎಂದರೆ 2×4, ಮತ್ತು 4 ಉಪಗುಂಪಿನೊಳಗಿನದು. ಉಪಗುಂಪನ್ನು ಅದರದೇ ಸದಸ್ಯನಿಂದ ಗುಣಿಸಿದರೆ ಸದಸ್ಯರು ಜಾಗ ಬದಲಿಸುತ್ತಾರೆಯೇ ಹೊರತು ಹೊಸಬರು ಬರುವುದಿಲ್ಲ. ಆದ್ದರಿಂದ ಸಾಲುಗಳು ಅರ್ಧಂಬರ್ಧ ಒಂದರ ಮೇಲೊಂದು ಬೀಳಲಾರವು. ಸಮ ಉದ್ದದ, ಒಂದನ್ನೊಂದು ಮುಟ್ಟದ ಸಾಲುಗಳು ಇಡೀ ಗುಂಪನ್ನು ತುಂಬಿದರೆ, ಗುಂಪಿನ ಗಾತ್ರ ಎಂದರೆ ಸಾಲಿನ ಉದ್ದ ಗುಣಿಸು ಸಾಲುಗಳ ಸಂಖ್ಯೆ. 12 = 3×4.

ಷರತ್ತುಗಳನ್ನು ಸಡಿಲಿಸಿದರೆ ಏನು ಕೆಡುತ್ತದೆ ಎಂಬುದನ್ನೂ ನೋಡಬಹುದು. ಯೂನಿಟ್ ಅಲ್ಲದ 7ರಿಂದ 1, 4, 16ನ್ನು ಗುಣಿಸಿ: 7, 28, 112. ಶೇಷಗಳು 7, 7, 7. ಮೂರರ ಸಾಲು ಒಂದಕ್ಕೆ ಕುಸಿಯಿತು. 7ನ್ನು ರದ್ದುಮಾಡುವ ಸಂಖ್ಯೆ ಇಲ್ಲ. ಇನ್ನು 1, 2, 4, 8, 16 ಎಂಬ ಐದನ್ನು ಹಿಡಿದು ಸಾಲು ಹಾಕಲು ಹೊರಟರೆ, 2ರಿಂದ ಗುಣಿಸಿದಾಗ 2, 4, 8, 16, 11 ಬರುತ್ತದೆ. ನಾಲ್ಕು ಹಳೆಯವು, ಒಂದು ಹೊಸದು. ಆ ಐದು ಉಪಗುಂಪಲ್ಲ, ಏಕೆಂದರೆ 2×16ರ ಶೇಷ 11 ಅದರೊಳಗಿಲ್ಲ. 11ನ್ನೂ ಸೇರಿಸಿಕೊಂಡರೆ ಆರಾಗುತ್ತದೆ, ಆಗ ಉಪಗುಂಪೂ ಆಗುತ್ತದೆ.

ಈ ನಿಯಮಕ್ಕೆ ಲಗ್ರಾಂಜ್ ಪ್ರಮೇಯ ಎಂದು ಹೆಸರು. ಆದರೆ 1770-71ರಲ್ಲಿ ಬರ್ಲಿನ್‌ನಲ್ಲಿದ್ದ ಲಗ್ರಾಂಜ್ ಯೋಚಿಸುತ್ತಿದ್ದುದು ಸಮೀಕರಣಗಳ ಮೂಲಗಳನ್ನು ಅದಲುಬದಲು ಮಾಡುವುದರ ಬಗ್ಗೆ. xy+z ಎಂಬುದರಲ್ಲಿ ಮೂರು ಅಕ್ಷರಗಳನ್ನು ಆರು ಬಗೆಯಲ್ಲಿ ಅದಲುಬದಲು ಮಾಡಿದರೂ ಸಿಗುವ ಬೇರೆ ಬೇರೆ ರೂಪಗಳು ಮೂರೇ. ಆ ಮೂರು ಆರನ್ನು ಭಾಗಿಸುತ್ತದೆ. ಗುಂಪು ಎಂಬ ಕಲ್ಪನೆಗೆ ಗಲ್ವಾ ಹೆಸರು ಕೊಟ್ಟದ್ದು ಅದಾದ ಸುಮಾರು ಅರವತ್ತು ವರ್ಷಗಳ ಮೇಲೆ.

ನಿಯಮದ ಮಿತಿಯನ್ನೂ ಹೇಳಬೇಕು. ಯಾವ ಗಾತ್ರ ಅಸಾಧ್ಯ ಎಂದು ಅದು ಹೇಳುತ್ತದೆ; ಉಳಿದ ಗಾತ್ರಗಳೆಲ್ಲ ಸಿಕ್ಕೇ ಸಿಗುತ್ತವೆ ಎನ್ನುವುದಿಲ್ಲ. ನಮ್ಮ ಹನ್ನೆರಡು ಯೂನಿಟ್‌ಗಳಲ್ಲಿ 1, 2, 3, 4, 6, 12 ಎಲ್ಲ ಗಾತ್ರದ ಉಪಗುಂಪುಗಳೂ ಇವೆ. ಆದರೆ ನಾಲ್ಕು ವಸ್ತುಗಳ ಸಮ ಅದಲುಬದಲುಗಳ ಗುಂಪಿನಲ್ಲೂ ಹನ್ನೆರಡು ಸದಸ್ಯರಿದ್ದಾರೆ, ಅಲ್ಲಿ ಆರರ ಉಪಗುಂಪೇ ಇಲ್ಲ.

ಅಸಾಧ್ಯವಾದದ್ದನ್ನು ತಳ್ಳಿಹಾಕುವ ಈ ಗುಣವೇ ಲೆಕ್ಕದಲ್ಲಿ ಎಷ್ಟು ಶ್ರಮ ಉಳಿಸುತ್ತದೆ ನೋಡಿ. 1ನ್ನು 23ರಿಂದ ಭಾಗಿಸಿದರೆ ಎಷ್ಟು ಅಂಕಿಗಳ ನಂತರ ಉತ್ತರ ಮರಳುತ್ತದೆ? 23ಕ್ಕೆ ಯೂನಿಟ್‌ಗಳು 22, ಹಾಗಾಗಿ ಉತ್ತರ 1, 2, 11 ಅಥವಾ 22 ಮಾತ್ರ. 10ರ ಶೇಷ 1 ಅಲ್ಲ. 10ರ ವರ್ಗ 100, ಶೇಷ 8. ಅದೂ 1 ಅಲ್ಲ. 1 ಮತ್ತು 2 ಹೋದವು. ಇನ್ನು 11ನೇ ಘಾತ. ವರ್ಗದ ಶೇಷ 8 ಆದ್ದರಿಂದ ನಾಲ್ಕನೇ ಘಾತದ ಶೇಷ 64ರಿಂದ 18. ಎಂಟನೆಯದು 324ರಿಂದ 2. ಎಂಟನೆಯದು, ಎರಡನೆಯದು, ಒಂದನೆಯದು ಗುಣಿಸಿದರೆ 2×8×10 = 160, ಶೇಷ 22. ಅದೂ 1 ಅಲ್ಲ. ಉಳಿದದ್ದು 22 ಒಂದೇ. ಭಾಗಾಕಾರದ ಒಂದು ಹಂತವನ್ನೂ ಮಾಡದೆ, ಉತ್ತರ 22 ಅಂಕಿಗಳ ನಂತರವೇ ಮರಳುತ್ತದೆ ಎಂದು ಖಚಿತವಾಗಿ ಹೇಳಬಹುದು. ಬೇಕಿದ್ದರೆ ಭಾಗಿಸಿ ನೋಡಿ: 0.0434782608695652173913, ಆಮೇಲೆ ಮತ್ತೆ 0434.